ಕಪ್ಪು ಪಟ್ಟಿಯ ಅಡಿಯ ಹೆಸರು

ದರದಲ್ಲಿ ಒಂದು ಸೊನ್ನೆ ಹೆಚ್ಚಾಗಬಹುದಿತ್ತು. ಫೋನ್ ನಂಬರು ತಪ್ಪಿ ಯಾರದೋ ಮೀನಿನಂಗಡಿಗೆ ಕರೆ ಹೋಗಬಹುದಿತ್ತು. ಮೊಬೈಲಿನಲ್ಲಿ ತೆರೆದರೆ ಮೂಲದ ಮೇಲೆ ಅನುವಾದ ಬಂದು ಕೂರಬಹುದಿತ್ತು. ನನ್ನ ಫೋಟೋ ನೋಡಿ ಹಳೆಯ ಸಹಪಾಠಿಗಳು ನಗಬಹುದಿತ್ತು. ಅನುವಾದದ ಕೆಲಸ ಸಿಗಲೆಂದು ನಾನು ಮಾಡಿಸಿದ ಒಂದೇ ಪುಟದ ವೆಬ್‌ಸೈಟನ್ನು ಯಾರೂ ನೋಡದೇ ಇರಬಹುದಿತ್ತು. ಇದರ ಭಯವೇ ಎಲ್ಲಕ್ಕಿಂತ ಹೆಚ್ಚು.

"ನಿನ್ನ ಚಿಂತೆಗೂ ಪದಕ್ಕಿಷ್ಟು ಅಂತ ರೇಟ್ ಹಾಕು ಮಾರಾಯ್ತಿ, ನಾವು ಉದ್ಧಾರ ಆಗ್ತೇವೆ" ಎಂದರು ಗಂಡ.

ಪುಟದಲ್ಲಿ ಮೇಲೆ ಅನುವಾದದ ಮಾದರಿಗಳು, ನಡುವೆ ದರ, ಕೆಳಗೆ ಹಿಂದೆ ಮಾಡಿದ ಕೆಲಸದ ಸಾಕ್ಷಿ. ಸಾಕ್ಷಿಗೆ ಒಂದು ಪಿಡಿಎಫ್ ಇಟ್ಟಿದ್ದೆ. ಗಲ್ಫಿನಲ್ಲಿ ತೀರಿಕೊಂಡ ಒಬ್ಬರ ಸಾವಿನ ವರದಿ, ಇಂಗ್ಲಿಷ್ ಮೂಲ ಮತ್ತು ನನ್ನ ಕನ್ನಡ. ಅನುವಾದ ಮಾಡಿಸಿದ್ದು ಕುದ್ರೋಳಿಯಲ್ಲಿರುವ ಅವರ ತಂಗಿ. ಅನುಮತಿ ಕೇಳಿದಾಗ ಆಕೆ ಹೇಳಿದ್ದರು: "ಹಾಕಿ ಮೇಡಂ, ಹೆಸರು ಮಾತ್ರ ಕಾಣಬಾರದು. ಅಣ್ಣ ನಿದ್ದೆಯಲ್ಲೇ ಹೋದದ್ದು ಅಂತ ಉಮ್ಮನಿಗೆ ಹೇಳಿದ್ದೇವೆ." ತಾಯಿಗೆ ಹೇಳಿದ್ದು ಹಾಗೆ, ವರದಿಯಲ್ಲಿದ್ದದ್ದು ಬೇರೆ. ಬಾಗಿಲು ಒಡೆದು ನೋಡುವಾಗ ಅವರು ತೀರಿಕೊಂಡು ಎರಡು ದಿನ ಕಳೆದಿತ್ತು.

ಹೆಸರಿದ್ದಲ್ಲೆಲ್ಲ ಕಪ್ಪು ಪಟ್ಟಿ ಎಳೆದೆ. ನಾಲ್ಕು ಸಲ ಪರೀಕ್ಷಿಸಿದೆ.

ವಾರ ಕಳೆದ ಮೇಲೆ ಸೈಟಿಗೆ ಯಾರು ಯಾವಾಗ ಬಂದರೆಂಬ ಲೆಕ್ಕ ನೋಡಿದೆ. ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಆ ಪಿಡಿಎಫನ್ನು ಯಾರೋ ಒಂದು ಸಲ ತೆರೆಯುತ್ತಿದ್ದರು. ಪುಟಕ್ಕೆ ಬಂದು ಅಲ್ಲಿಂದ ಹೋದದ್ದಲ್ಲ. ಹೊಸಿಲು ಮೆಟ್ಟದೆ ಒಳಕೋಣೆಯಲ್ಲಿ ಬಂದು ಕೂತ ಹಾಗೆ, ನೇರ ಅಲ್ಲಿಗೇ. ದರ ನೋಡಿಲ್ಲ, ನನ್ನ ಫೋಟೋವನ್ನೂ ನೋಡಿಲ್ಲ. ಮೂರಾದರೆ ನನ್ನ ಕೈಯ ಚಹಾ ತಣ್ಣಗಾಗತೊಡಗಿತು.

ಒಂದು ಮಧ್ಯಾಹ್ನ ಮೂರೂ ಕಾಲಿಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

"ಕಾಗದದ ಅಡಿಯಲ್ಲಿ ನಿಮ್ಮ ನಂಬರ್ ಉಂಟಲ್ಲ, ಅದಕ್ಕೆ ಮಾಡಿದೆ. ನಾನು ದಿನಾ ಮೊಬೈಲಿಗೆ ಮಗನ ಹೆಸರು ಹೇಳಿ ಹುಡುಕು ಅಂತೇನೆ. ಅದು ನಿಮ್ಮ ಕಾಗದ ತೋರಿಸ್ತದೆ. ಹೆಸರಿನ ಜಾಗದಲ್ಲಿ ಕಪ್ಪು. ಮತ್ತೆ ಮೊಬೈಲಿಗೆ ಹೇಗೆ ಗೊತ್ತಾಗ್ತದೆ, ಅದು ಅವನದ್ದೇ ಅಂತ?"

ನಾನು ಕೇಳಿದೆ: "ನೀವು... ಓದಿದಿರಾ?"

"ಕನ್ನಡ ಶಾಲೆಯಲ್ಲೇ ಕಲಿತದ್ದು ನಾನು. ಎರಡು ದಿನ, ಅಲ್ವಾ?" ಆಮೇಲೆ ದನಿ ತಗ್ಗಿಸಿದರು. "ಮಗಳಿಗೆ ಹೇಳ್ಬೇಡಿ. ಉಮ್ಮನಿಗೆ ಗೊತ್ತಿಲ್ಲ ಅಂತ ಅವಳು ನೆಮ್ಮದಿಯಲ್ಲಿದ್ದಾಳೆ."

ಫೋನಿಟ್ಟು ಪಿಡಿಎಫ್ ತೆರೆದೆ. ಹೆಸರಿನ ಮೇಲಿನ ಕಪ್ಪು ಪಟ್ಟಿ ಇದ್ದಲ್ಲೇ ಇತ್ತು. ಅದರ ಮೇಲೆ ಮೌಸ್ ಎಳೆದು ಕಾಪಿ ಮಾಡಿ ಖಾಲಿ ಹಾಳೆಯಲ್ಲಿ ಪೇಸ್ಟ್ ಮಾಡಿದೆ. ಪಟ್ಟಿಯ ಅಡಿಯಿದ್ದ ಹೆಸರು ಒಂದಕ್ಷರವೂ ಬಿಡದೆ ಹಾಳೆಗೆ ಬಂತು; ಮೊಬೈಲು ಹುಡುಕಿ ಹಿಡಿದದ್ದು ಅದನ್ನೇ.

ದರ ಸರಿಯಿತ್ತು, ನಂಬರು ಸರಿಯಿತ್ತು, ಮೊಬೈಲಿನಲ್ಲೂ ಪುಟ ಚೆನ್ನಾಗಿಯೇ ತೆರೆಯುತ್ತಿತ್ತು. ನಾನು ಹೆಸರನ್ನು ಮುಚ್ಚಿದ್ದೆ, ಅಳಿಸಿರಲಿಲ್ಲ.