ಪರಮಶಿವಯ್ಯನವರ ಎಡಗೈ ಕಾಜಾ

ಅಯ್ಯೋ, ನಿನ್ ಪ್ರಬಂಧದಲ್ಲಿ ಪರಮಶಿವಯ್ಯನವರು 'ಮೇಷ್ಟ್ರಾಗಿದ್ದರು' ಅಂತ ಬರ್ದ್ಬಿಟ್ಯಾ ಸಮನ್ವಿತಾ? ಹೊಡ್ದಾಕೇ ಪುಟ್ಟಿ. ಆ ಒಂದ್ ಮಾತಿಗೇ ನಮ್ ಅಕ್ಕಯಮ್ಮ ಎರಡು ವಾರ ಸರಿಯಾಗಿ ಉಣ್ಲಿಲ್ಲ. ಮೊದ್ಲಿಂದ ಹೇಳ್ತೀನಿ, ಬರ್ಕೋ.

ಅಕ್ಕಯಮ್ಮ ಅಂದ್ರೆ ಯಡಿಯೂರು ಕೆರೆ ಹಿಂದಿನ ಬೀದೀಲಿ ಇದಾಳಲ್ಲ, ಅವಳೇ. ಕೆಳಗಡೆ ಮನೆ ಬಾಡಿಗೆಗೆ ಕೊಟ್ಟು ಮಹಡೀಲಿ ಇರ್ತಾಳೆ. ಎಪ್ಪತ್ತು ದಾಟಿದೆ, ಇವತ್ತಿಗೂ ಕೈಯಲ್ಲೇ ಕಾಜಾ ಹೊಲೀತಾಳೆ. ಕಾಜಾ ಅಂದ್ರೆ ಗುಂಡಿ ತೂರಿಸೋ ತೂತು ಕಣೇ, ನಿಮಗೆಲ್ಲ ಜಿಪ್ಪೇ ಅಲ್ವಾ. ಮೆಷೀನ್ ಕಾಜಾ ತೋರ್ಸಿದ್ರೆ "ಹಲ್ಲು ಕಿರ್ಕೊಂಡಂಗಿದೆ" ಅಂತ ಮುಖ ತಿರುಗಿಸ್ತಾಳೆ. ಅವಳಪ್ಪ ತಿಮ್ಮರಾಯಪ್ಪ ಒಕ್ಕಲುತನ ಮಾಡ್ಕೊಂಡಿದ್ದೋರು. ಹೊಲ ಎಲ್ಲ ಸೈಟಾದ್ಮೇಲೆ ಕೆರೆ ಏರಿ ಹತ್ರ ಹೊಲಿಗೆ ಅಂಗಡಿ ಇಟ್ರು.

ಈಗ ನೋಡು, ಹೊಸ ಲೈಬ್ರರಿ ಹಾಲಿಗೆ ಪರಮಶಿವಯ್ಯನವರ ಹೆಸರು ಇಡ್ತಿದಾರಲ್ಲ, ಮೂರು ಸಲ ಮಂತ್ರಿ ಆಗಿದ್ದೋರು, ತೀರ್ಕೊಂಡು ಎರಡು ವರ್ಷ ಆಯ್ತು. ಆ ಕಮಿಟಿ ಸೆಕ್ರೆಟರಿ ಶಶಿಧರ್, ಬ್ಯಾಂಕಿಂದ ರಿಟೈರ್ಡು, ಒಂದು ಪುಸ್ತಕ ಮಾಡ್ಸಿದ್ರು. ಅದ್ರಲ್ಲಿ "ರಾಜಕೀಯಕ್ಕೆ ಬರುವ ಮುನ್ನ ಶಾಲಾ ಶಿಕ್ಷಕರಾಗಿದ್ದರು" ಅಂತಿತ್ತು.

ಅಕ್ಕಯಮ್ಮ ಅದನ್ನ ಓದಿ ಸೀದಾ ಕಮಿಟಿ ಆಫೀಸಿಗೇ ಹೋದ್ಲು. "ಸಾರ್, ಅವ್ರು ನಾಲ್ಕು ವರ್ಷ ನಮ್ಮಪ್ಪನ ಅಂಗಡೀಲಿ ಕಾಜಾ ಹೊಲ್ದೋರು. ಕಾಜಾಕ್ಕಿಷ್ಟು ಅಂತ ಕೂಲಿ. ಪಾಠ ಹೇಳ್ತಿದ್ದದ್ದು ಸಂಜೆ ಹೊತ್ತು, ಮಿಲ್ಲಿನವರಿಗೆ, ಪುಕ್ಕಟೆಯಾಗಿ. ಅದಕ್ಕೇ ಎಲ್ರೂ ಮೇಷ್ಟ್ರು ಅನ್ನೋರು."

"ಆಧಾರ ಏನಮ್ಮ?" ಅಂದ್ರು ಶಶಿಧರ್. ಅಲ್ಲೇ ಕುರ್ಚಿ ಜೋಡಿಸ್ತಿದ್ದ ಹುಡುಗ ವಿಷ್ಣು "ಬಿಡಿ ಆಂಟಿ, ದೊಡ್ಡೋರಾದ್ಮೇಲೆ ಎಲ್ರಿಗೂ ನೆಂಟ್ರೇ" ಅಂತ ನಕ್ಕ.

ಅದು ಚುಚ್ತು ನೋಡು. ಸುಳ್ಳಿ ಅನ್ನಿಸ್ಕೊಂಡಿದ್ದಕ್ಕಿಂತ, ಅಪ್ಪ ಅನ್ನೋರು ಈ ಬೀದೀಲಿ ಇರ್ಲೇ ಇಲ್ಲ ಅನ್ನೋ ಹಾಗಾಯ್ತಲ್ಲ ಅಂತ ಅವಳಿಗೆ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಶಾಪು. ಒಂದು ಫೋಟೋನೂ ಇಲ್ಲ. ಹುಳಿ ಮಾಡಿದ್ದೆ, ಕೊಟ್ಟು ಬರೋಣ ಅಂತ ಹೋದ್ರೆ ಡಬ್ಬಿ ಮುಚ್ಚಳಾನೂ ತೆಗೀಲಿಲ್ಲ. ನುಗ್ಗೇಕಾಯಿ ಹುಳಿ ಕಣೇ!

ಆಮೇಲೊಂದಿನ ಶಶಿಧರ್ ಅವರೇ ಮೆಟ್ಲು ಹತ್ಕೊಂಡು ಬಂದ್ರು, ಜೊತೇಲಿ ಮಂತ್ರಿಗಳ ಮಗ ದೇವರಾಜ್. ಗಾಜಿನ ಪೆಟ್ಟಿಗೇಲಿ ಇಡೋಕೆ ಮಂತ್ರಿಗಳ ಖಾದಿ ಶರ್ಟ್ ತಂದಿದ್ರು, ಒಂದು ಗುಂಡಿ ಬಿದ್ದೋಗಿತ್ತು. ಕೈಹೊಲಿಗೆಗೆ ಬೇರೆ ಯಾರೂ ಸಿಗ್ಲಿಲ್ವಂತೆ.

ಅಕ್ಕಯಮ್ಮ ಕನ್ನಡಕ ಹಾಕ್ಕೊಂಡು ಗುಂಡಿ ಜಾಗ ನೋಡಿದ್ಲು. ಆಮೇಲೆ ಎದುರುಗಡೆ ಕಾಜಾ ನೋಡಿದ್ಲು. ನೋಡ್ತಾನೇ ಕೂತ್ಲು.

"ಇದು ಅವ್ರೇ ಹೊಲ್ದಿದ್ದು."

"ಅಮ್ಮಾ, ಮತ್ತೆ ಶುರು ಮಾಡಿದ್ರಾ?" ಅಂದ್ರು ಶಶಿಧರ್.

"ಕೂತ್ಕೊಳ್ಳಿ ಸಾರ್, ತೋರಿಸ್ತೀನಿ." ಒಂದು ಬಟ್ಟೆ ಚೂರು ತಗೊಂಡ್ಲು, ಸೀಮೆಸುಣ್ಣದಲ್ಲಿ ಗೀಟು ಎಳೆದು ಅದ್ರ ಮೇಲೇ ಸೀಳು ಕತ್ತರಿಸಿದ್ಲು. ದಾರಕ್ಕೆ ಮೇಣ ಸವರಿದ್ಲು, ಇಲ್ದಿದ್ರೆ ಸಿಕ್ಕಾಗುತ್ತೆ. ಸೀಳಿನ ಅಂಚಿಗೆ ಸುತ್ತಲೂ ಒಂದೆಳೆ ದಾರ ಹಾಸಿದ್ಲು, ಬಟ್ಟೆ ಬಿಚ್ಕೋಬಾರ್ದಲ್ಲ. ಸೂಜಿ ಅಡಿಯಿಂದ ಚುಚ್ಚಿ, ದಾರಾನ ಸೂಜಿ ತುದಿಗೆ ಒಂದು ಸುತ್ತು ಹಾಕಿ ಎಳೆದ್ರೆ ಅಂಚಿನ ಮೇಲೆ ಪುಟ್ಟ ಗಂಟು ಕೂರುತ್ತೆ. ಒಂದರ ಪಕ್ಕ ಒಂದು, ಅಕ್ಕಿಕಾಳು ಜೋಡಿಸ್ದಂಗೆ.

"ನಾನು ಬಲಗೈಯೋಳು. ನನ್ನ ಗಂಟು ಹೀಗೆ ವಾಲುತ್ತೆ. ಈ ಶರ್ಟಿಂದು ನೋಡಿ, ಎಲ್ಲಾ ಉಲ್ಟಾ. ಹೊಲ್ದಿರೋರು ಎಡಚ. ನಮ್ಮಂಗಡೀಲಿ ಎಡಗೈ ಇದ್ದಿದ್ದು ಒಬ್ರಿಗೇ. 'ಕನ್ನಡೀಲಿ ನೋಡ್ಕೊಂಡು ಹೊಲೀತೀಯೇನೋ' ಅಂತ ಅಪ್ಪ ರೇಗಿಸೋರು. ನಾನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸ್ಕೊಡ್ತಿದ್ದೆ."

ಶಶಿಧರ್ ಭೂತಗನ್ನಡಿ ತರಿಸಿ ನೋಡಿದ್ರು. "ಎಡಚರು ಊರಲ್ಲಿ ಎಷ್ಟೋ ಜನ ಇರ್ತಾರಲ್ಲಮ್ಮ," ಅಂದ್ರು, ದನಿ ಮಾತ್ರ ಇಳಿದಿತ್ತು.

ದೇವರಾಜ್ ಆ ಕಾಜಾ ಹತ್ರ ಬಗ್ಗಿ ನೋಡಿದ. "ಅಪ್ಪ ಎಡಗೈಯಲ್ಲೇ ಬರೀತಿದ್ರು," ಅಂದ. "ಹೊಸ ಶರ್ಟ್ ಬಂದ್ರೆ ಮೊದ್ಲು ಕಾಜಾ ಬಿಚ್ಚಿ ತಾವೇ ಹೊಲ್ಕೊಳ್ಳೋರು. ಮಂತ್ರಿಯಾಗಿ ಇದೇನು ಚಟ ಅಂತ ಅಮ್ಮ ಬೈತಿದ್ಲು. ಎಲ್ಲಿ ಕಲಿತ್ರಿ ಅಂದ್ರೆ, ಹೊಟ್ಟೆ ಕಲಿಸ್ತು ಅಂತ ನಗೋರು. ನಾವು ತಮಾಷೆ ಅನ್ಕೊಂಡ್ವಿ."

ಅಕ್ಕಯಮ್ಮ ಗುಂಡಿ ಹೊಲಿದು ಮುಗಿಸಿದ್ಲು. ಶರ್ಟ್ ಮಡಚಿ ಕೊಡೋವಾಗ ಆ ಕಾಜಾ ಮೇಲೆ ಒಂದ್ಸಲ ಬೆರಳು ಆಡಿಸಿದ್ಲಂತೆ. ಶಶಿಧರ್ ಎದ್ದು ಕೈ ಮುಗಿದ್ರು. "ತಪ್ಪಾಯ್ತು ಅಕ್ಕಯಮ್ಮನೋರೆ. ಆ ಪುಟ ತೆಗೆಸಿ ಹೊಸದು ಹಾಕಿಸ್ತೀನಿ. ಅಂಗಡಿ ಹೆಸರು, ನಿಮ್ಮ ತಂದೆ ಹೆಸರು, ಎರಡೂ ಬರುತ್ತೆ."

ಅವತ್ತು ರಾತ್ರಿ ಎರಡು ಮುದ್ದೆ ಉಂಡ್ಲು. ಅವಳೇ ಹೇಳಿದ್ದು.

ಸರಿ, ಪೆನ್ನು ಇಡು, ಚಪ್ಪಲಿ ಹಾಕ್ಕೋ. ಆ ಹೊಸ ಪುಟ ನಾಳೆ ಪ್ರೆಸ್ಸಿಗೆ ಹೋಗುತ್ತಂತೆ. ಅಕ್ಕಯಮ್ಮನ ಮನೆಗೆ ಹೋಗಿ, ಅವರಪ್ಪನ ಇನಿಷಿಯಲ್ ಏನು, ಅಂಗಡಿ ಯಾವ ವರ್ಷ ತೆಗೆದದ್ದು, ಎರಡನ್ನೂ ಕೇಳ್ಕೊಂಡು ಶಶಿಧರ್ ಕೈಗೆ ಕೊಟ್ಟು ಬಾ.