ಮೋಟರು ಯಾಕೆ ಮೆಲ್ಲಗೆ ಹೊರಡಬೇಕು

ಅವ್ವ ತೀರಿಕೊಂಡ ಮೂರನೇ ವಾರ ದಾವಣಗೆರೆಯ ಕಾರ್ಖಾನೆಯೊಂದರಲ್ಲಿ ನನಗೆ ಸಂದರ್ಶನವಿತ್ತು. ಎಂಬತ್ತರ ದಶಕದ ಆರಂಭ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಹೊನ್ನಾಳಿಯ ಮನೆಯಲ್ಲಿದ್ದೆ. ನೀರೆತ್ತುವ ಮೋಟರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಯಾಕೆ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಗೊತ್ತಿತ್ತು. 'ನಿಂತ ಮೋಟರು ತಿರುಗಲು ಹೊರಟಾಗ ಎಳೆಯುವ ವಿಪರೀತ ಕರೆಂಟನ್ನು ಇದು ತಗ್ಗಿಸುತ್ತದೆ' ಎಂದು ತಲೆಯಲ್ಲಿ ಕನ್ನಡ ವಾಕ್ಯ ಸಿದ್ಧವಾಗಿಯೇ ಇತ್ತು. ಅದನ್ನು ಇದ್ದ ಹಾಗೇ ಇಂಗ್ಲಿಷಿಗೆ ತರಲು ಹೋಗಿ, "ದಿ ಮೋಟಾರ್... ವಿಚ್ ಈಸ್... ವೆನ್..." ಎಂದು ನಿಂತುಬಿಟ್ಟೆ. ಅವರು ಥ್ಯಾಂಕ್ಯೂ ಮಿಸ್ ಅಂದರು. ಹೊರಗೆ ಬಂದಾಗ ಅಳು ಬರಲಿಲ್ಲ. ಆ ದಿನಗಳಲ್ಲಿ ಯಾವುದಕ್ಕೂ ಬರುತ್ತಿರಲಿಲ್ಲ.

ಅಣ್ಣನಿಗೆ ನ್ಯಾಮತಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯಿತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ದಿನಾ ಬಸ್ಸಿನಲ್ಲಿ ಹೋಗಿ ಅವನೆದುರು ಕೂರತೊಡಗಿದೆ. ಸಂದರ್ಶನದಲ್ಲಿ ಇಂಗ್ಲಿಷ್ ಬಾರದೆ ನಿಂತದ್ದನ್ನು ಹೇಳಿದೆ. ತಾಮ್ರದ ತಂತಿ ಸುತ್ತುತ್ತಲೇ ಅವನು ಕೇಳಿದ, "ಇಂಗ್ಲಿಷ್ ಆಮ್ಯಾಲೆ. ಮೊದ್ಲು ನನಗೆ ಹೇಳು. ಸ್ವಿಚ್ ಹಾಕಿದ ಕೂಡ್ಲೆ ಏನಾಗ್ತೈತೆ?"

"ಮೋಟರ್ ಭಾಳ ಕರೆಂಟ್ ಎಳಿತೈತೆ."

"ಅಷ್ಟೇ ಸಾಕು, ನಿಲ್ಸು. ಮುಂದೆ?"

"ಮೊದ್ಲು ಸ್ಟಾರ್ ಜೋಡಣೆ. ಅದ್ರಾಗೆ ವೈಂಡಿಂಗಿಗೆ ವೋಲ್ಟೇಜ್ ಕಮ್ಮಿ. ಕರೆಂಟೂ ಕಮ್ಮಿ ಆಗ್ತೈತೆ. ಓಟ ಹಿಡಿದ ಮ್ಯಾಲೆ ಡೆಲ್ಟಾ ಜೋಡಣೆ, ಪೂರ್ತಿ ವೋಲ್ಟೇಜ್."

ಒಂದು ವಾಕ್ಯಕ್ಕೆ ಒಂದೇ ಸಂಗತಿ. ಹಾಗೆ ಮುರಿದ ಕನ್ನಡದ ತುಂಡುಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ತಂದೆ: ಮೊದಲು ಯಾವುದು, ಆಮೇಲೆ ಅದು ಏನು ಮಾಡುತ್ತದೆ, ಕೊನೆಗೆ ಉಳಿದದ್ದು. "ದಿ ಮೋಟಾರ್ ಟೇಕ್ಸ್ ಹೈ ಕರೆಂಟ್ ಅಟ್ ಸ್ಟಾರ್ಟ್." ಅಣ್ಣನಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ನಾನು ತಡವರಿಸಿದ ಜಾಗ ಅವನ ಕಿವಿಗೆ ಗೊತ್ತಾಗುತ್ತಿತ್ತು. "ಅಲ್ಲಿ ಎಡವಿದಿ, ಮತ್ತೆ ಹೇಳು" ಅನ್ನುತ್ತಿದ್ದ. ಹೇಳುತ್ತಿದ್ದೆ. ಬೇಜಾರೂ ಇಲ್ಲ, ಆಸೆಯೂ ಇಲ್ಲ.

ಒಂದು ಮಧ್ಯಾಹ್ನ ಅವನೇ ಕೇಳಿದ, "ಇದ್ರಾಗೆ ಕಳ್ಕೊಳ್ಳೋದು ಏನು, ಅದ್ನೂ ಹೇಳಾಕೆ ಬರ್ತೈತಾ? ಕಲ್ಲು ತುಂಬಿದ ಕ್ರಷರ್ ಸ್ಟಾರ್‌ನಾಗೆ ಎದ್ದೇಳಾಕಿಲ್ಲ."

ಸ್ಟಾರ್‌ನಲ್ಲಿ ಕರೆಂಟು ಮೂರನೇ ಒಂದು ಪಾಲಿಗೆ ಇಳಿದರೆ, ತಿರುಗಿಸುವ ಬಲವೂ ಅಷ್ಟೇ ಇಳಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಅದಕ್ಕೊಂದು ಉದಾಹರಣೆ ಬೇಕೆಂದು ತೋಚಿರಲಿಲ್ಲ. ಅದಕ್ಕೂ ಮೂರು ಸಣ್ಣ ವಾಕ್ಯ ಕಟ್ಟಿದೆ.

ಎರಡು ತಿಂಗಳಾದ ಮೇಲೆ ಇನ್ನೊಂದು ಕಾರ್ಖಾನೆಯಿಂದ ಕರೆ ಬಂತು. ಅಲ್ಲೂ ಸ್ಟಾರ್ಟರಿನ ಪ್ರಶ್ನೆಯೇ. ತುಂಡು ತುಂಡಾಗಿ ಹೇಳಿದೆ. "ಎನಿ ಡಿಸ್‌ಅಡ್ವಾಂಟೇಜ್?" ಎಂದರು. ಕ್ರಷರಿನ ಮಾತು ಹೇಳಿದೆ. ಪ್ರಶ್ನೆ ಕೇಳಲು ಕೂತಿದ್ದ ಮೂವರಲ್ಲಿ ಹಿರಿಯರು ಪೆನ್ನು ಕೆಳಗಿಟ್ಟು, "ಇದನ್ನ ಎಲ್ಲಿ ನೋಡಿದ್ರಮ್ಮ?" ಎಂದು ಕನ್ನಡದಲ್ಲೇ ಕೇಳಿದರು. ಅಣ್ಣನ ಅಂಗಡಿಯಲ್ಲಿ ಕೇಳಿದ್ದು ಎಂದೆ. ನನ್ನ ದನಿ ದೂರದಲ್ಲಿ ಬೇರೆ ಯಾರದೋ ಹಾಗೆ ಕೇಳಿಸಿತು.

ಕೆಲಸದ ಆರ್ಡರ್ ಬಂದ ದಿನ ಅಣ್ಣ ಬೂಂದಿ ತಂದಿದ್ದ. ರುಚಿ ಗೊತ್ತಾಗಲಿಲ್ಲ. ಅವನು ನೋಡುತ್ತಿದ್ದನೆಂದು ಎರಡು ಸಲ ಹಾಕಿಸಿಕೊಂಡು ತಿಂದೆ.