ಪುಟ್ಟಮಾದಮ್ಮನ ಕೈ ಮತ್ತು ಶಾವಿಗೆ ಪಾಯಸ

ಪುಟ್ಟಮಾದಮ್ಮ ಕೂತಿದ್ದನ್ನು ಕಂಡವರು ರಾಮಕೃಷ್ಣನಗರದ ಆ ಬೀದಿಯಲ್ಲಿ ಯಾರೂ ಇಲ್ಲ. ಕುವೆಂಪುನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ ಕೆಲಸ ಮುಗಿಸಿ ಸಂಜೆ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಬಾಗಿಲ ಮೂಲೆಯ ಪೊರಕೆ ಕೈಗೆ ಬಂದಿರುತ್ತಿತ್ತು. ಟಿವಿ ನೋಡುವುದೂ ನಿಂತೇ. ಊಟ ಮಾಡುವುದೂ ಹೆಚ್ಚುಕಡಿಮೆ ನಿಂತೇ. ಸೊಸೆ ಕೀರ್ತಿ ಹೊಸದಾಗಿ ಬಂದಾಗ ಅತ್ತೆಗೆ ತನ್ನ ಮೇಲೇನೋ ಸಿಟ್ಟಿರಬೇಕು ಎಂದುಕೊಂಡು ಒಂದು ತಿಂಗಳು ಹೆದರಿಕೊಂಡೇ ಇದ್ದಳು. ಆಮೇಲೆ ಗೊತ್ತಾಯಿತು, ಅದು ಸಿಟ್ಟಲ್ಲ, ಸ್ವಭಾವ.

ಸ್ವಭಾವ ಎಂದುಬಿಡುವುದು ಸುಲಭ. ಟಿ. ನರಸೀಪುರದ ಕಡೆಯ ಹಳ್ಳಿಯಲ್ಲಿ ಅವಳು ಮನೆತುಂಬ ಮಕ್ಕಳಿಗೆ ಹಿರಿಯಕ್ಕ. ಕೂತರೆ 'ಯಾಕಮ್ಮಿ ಕುಂತೆ?' ಎಂದು ಕೇಳುತ್ತಿದ್ದರು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಅತ್ತೆಯೂ ಅದನ್ನೇ ಕೇಳಿದರು. ನರ್ಸಿಂಗ್ ಹೋಮಿನಲ್ಲಿ ಹಿಂದಿದ್ದ ಸಿಸ್ಟರ್ ಕೇಳುತ್ತಿದ್ದರು. ಈಗ ಕೇಳುವವರು ಯಾರೂ ಉಳಿದಿಲ್ಲ, ಆದರೂ ಕಾಲುಗಳು ಮಾತ್ರ ಆ ಪ್ರಶ್ನೆಗೆ ಹೆದರಿಕೊಂಡೇ ಓಡಾಡುತ್ತವೆ.

ಗಂಡ ಸಣ್ಣಮಾದಯ್ಯ ಇದಕ್ಕೆ ತದ್ವಿರುದ್ಧ. ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದ ಮನುಷ್ಯ. ಅವಸರವೆಂಬುದು ಅವನ ಮೈಯಲ್ಲೇ ಇಲ್ಲ. ಪ್ರತಿ ಬುದ್ಧ ಪೂರ್ಣಿಮೆಗೆ ಬಡಾವಣೆಯ ಬುದ್ಧ ವಿಹಾರದಲ್ಲಿ ಹಂಚುವ ಶಾವಿಗೆ ಪಾಯಸ ಈ ಗಂಡಹೆಂಡಿರದ್ದೇ. ತುಪ್ಪದಲ್ಲಿ ಶಾವಿಗೆ ಹುರಿಯುವುದು ಅವಳು. ಹಾಲಿನಲ್ಲಿ ಬೇಯಿಸಿ ಇಳಿಸುವುದು ಅವನು. ಹುರಿದು ಕೊಟ್ಟ ಮೇಲೆ ಅವಳು ಅಲ್ಲಿ ನಿಂತವಳೇ ಅಲ್ಲ. ದೊನ್ನೆ ಒರೆಸಬೇಕು, ಹಿರಿಯರಿಗೆ ಚಾಪೆ ಹಾಸಬೇಕು, ಮಕ್ಕಳನ್ನು ಸಾಲಾಗಿ ಕೂರಿಸಬೇಕು. ಪಾಯಸವೇನೋ ಎಳೆ ಎಳೆಯಾಗಿ, ಒಂದಕ್ಕೊಂದು ಅಂಟದೆ ಬರುತ್ತಿತ್ತು. ಕುಡಿದವರು 'ಸಣ್ಣಮಾದಯ್ಯನೋರ ಪಾಯ್ಸ' ಎಂದು ಬಾಯಿ ಚಪ್ಪರಿಸುತ್ತಿದ್ದರು. ನಿವೃತ್ತಿಯ ನಂತರ ಅವನ ಹೆಸರು ಹಿಡಿದು ಜನ ಕರೆಯುತ್ತಿದ್ದುದು ಅದೊಂದಕ್ಕೇ.

ಈ ವರ್ಷ ಪೂರ್ಣಿಮೆಗೆ ಸ್ವಲ್ಪ ಮುಂಚೆ ಅವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಲೆಯ ಹತ್ತಿರ ಸುಳಿಯಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. ಸುದ್ದಿ ತಿಳಿದು ಮಹಿಳಾ ಸಂಘದ ಅಧ್ಯಕ್ಷೆ ಭಾಗ್ಯಮ್ಮ ಮನೆಗೆ ಬಂದರು.

"ಅಕ್ಕ, ಈ ಸಾರಿ ಕೇಟರಿಂಗ್‌ನೋರಿಗೆ ಹೇಳ್ಬುಡೋಣ. ಅಣ್ಣನಿಗೆ ಯಾಕೆ ತೊಂದ್ರೆ?"

ಕಪ್ಪು ಕನ್ನಡಕದ ಹಿಂದೆ ಗಂಡನ ಮುಖ ಸಣ್ಣದಾಗಿದ್ದು ಪುಟ್ಟಮಾದಮ್ಮನಿಗೆ ಕಂಡಿತು. ಅವಳೇ ಹೇಳಿದಳು, ಅದೂ ಕಿಟಕಿ ಸರಳು ಒರೆಸುತ್ತ.

"ನಾನ್ ಮಾಡ್ತೀನಿ ಕಣೆ ಭಾಗ್ಯ. ಕೆಟ್ಟೋದ್ರೆ ಮುಂದಿನ್ ವರ್ಷದಿಂದ ನೀವು ಯಾರ್ಗಾದ್ರೂ ಹೇಳ್ಕಳಿ, ನಾವು ಚಕಾರ ಎತ್ತಲ್ಲ."

ಭಾಗ್ಯಮ್ಮ ಹೋದ ಮೇಲೆ ಅವಳು ಒರೆಸಿದ ಸರಳನ್ನೇ ಮತ್ತೆ ಒರೆಸತೊಡಗಿದಳು. ಹಾಲಿನ ಭಾಗ ಅವಳು ಒಂದು ದಿನವೂ ಮಾಡಿದವಳಲ್ಲ.

ಮನೆಯಲ್ಲೇ ಒಮ್ಮೆ ಮಾಡಿ ನೋಡೋಣ ಎಂದು ಸಣ್ಣ ಪಾತ್ರೆ ಇಟ್ಟಳು. ಹುರಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಉರಿ ಸಣ್ಣ, ಬಾಣಲೆ ದಪ್ಪ ತಳದ್ದು. ಮೊದಲು ಗೋಡಂಬಿ, ದ್ರಾಕ್ಷಿ ಹುರಿದು ತೆಗೆದಿಟ್ಟು, ಅದೇ ತುಪ್ಪಕ್ಕೆ ಮುರಿದ ಶಾವಿಗೆ. ಸುಮ್ಮನಿರಲಾರದ ಆ ಕೈ ಇಲ್ಲಿ ವರವೇ ಆಗಿತ್ತು. ಅಡಿಯದು ಮೇಲೆ, ಮೇಲಿನದು ಅಡಿಗೆ, ಒಂದೆಳೆಯೂ ಬಿಳಿಚಿಕೊಂಡು ಉಳಿಯದು, ಒಂದೆಳೆಯೂ ಕಪ್ಪಾಗದು. ಹೊಂಬಣ್ಣ ಬಂದ ತಕ್ಷಣ ಬಾಣಲೆಯ ಕಾವಿಗೆ ಬಿಡದೆ ಅಗಲ ತಟ್ಟೆಗೆ ಸುರಿದುಬಿಟ್ಟಳು. ಕುದಿಯುವ ಹಾಲಿಗೆ ಹಾಕಿದಳು. ಇನ್ನೇನು, ಅವನ ಪಾಯಸದಂತೆಯೇ ಬರಬೇಕು.

ಬಂದದ್ದು ಗಂಜಿ. ಎಳೆ ಯಾವುದು ಹಾಲು ಯಾವುದು ತಿಳಿಯದಂಥ ಮುದ್ದೆ.

"ಶಾವಿಗೆ ಸರಿಯಿಲ್ಲ. ಅಂಗಡಿಯೋನು ಹಳೇದ್ ಕೊಟ್ಟವ್ನೆ" ಎಂದಳು. ಇನ್ನೊಂದು ಅಂಗಡಿಯಿಂದ ಬೇರೆ ಶಾವಿಗೆ ತಂದಳು. ಹುರಿದದ್ದು ಸಾಲದೇನೋ ಎಂದು ಈ ಸಲ ಇನ್ನೂ ಕೆಂಪಗೆ ಹುರಿದಳು. ಮತ್ತೆ ಮುದ್ದೆ. ಅದೂ ಸಾಲದೆಂಬಂತೆ, ಬಾಯಿಗಿಟ್ಟರೆ ಕಹಿ. ಕೀರ್ತಿ ಒಂದು ಚಮಚ ತಿಂದು, "ಪರ್ವಾಗಿಲ್ಲ ಅತ್ತೆ" ಎಂದಳು. ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ.

ಪುಟ್ಟಮಾದಮ್ಮನಿಗೆ ಅಳು ಬಂತು. ಅಳುವುದಕ್ಕಾದರೂ ಕೂರುವಳೋ ಎಂದರೆ ಅದೂ ಇಲ್ಲ, ಅಳುತ್ತಲೇ ಪಾತ್ರೆ ಉಜ್ಜಿದಳು.

ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದ ಸಣ್ಣಮಾದಯ್ಯ ಆಗ ಬಾಯಿಬಿಟ್ಟ. ಅವನಿಗೆ ಒಲೆ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಅಡುಗೆಮನೆಯಲ್ಲೇ ಇತ್ತು.

"ಹುರಿಯೋದ್ರಲ್ಲಿ ಏನೂ ತಪ್ಪಿಲ್ಲ ಕಣಮ್ಮಿ. ಮೊದಲ್ನೇ ಸರ್ತಿ ಹುರಿದಿದ್ದೇ ಸರ್ಯಾಗಿತ್ತು. ಹಾಲಿಗ್ ಹಾಕಿದ್ಮೇಲೂ ನಿನ್ ಸೌಟು ನಿಲ್ನೇ ಇಲ್ಲ. ಲೊಟಲೊಟ ಲೊಟಲೊಟ ಅಂತಾನೇ ಇತ್ತು."

"ತಳ ಹಿಡ್ದ್ರೆ?"

"ತಳ ಕೆರೆಯೋದು ಬೇರೆ, ಕಲಕೋದು ಬೇರೆ. ಹುರಿದಾಗ ಎಳೆಎಳೆಗೂ ತುಪ್ಪ ಹತ್ಕೊಂಡಿರ್ತದೆ. ಅದಕ್ಕೇ ಅಂಟಲ್ಲ. ಬೆಂದ್ ಮೆತ್ತಗಾದ್ಮೇಲೆ ಸೌಟಲ್ಲಿ ಬಡಿದ್ರೆ ಮುರಿದು ಹಿಟ್ಟಾಗದೆ ಇನ್ನೇನಾದಾತು? ನೀನೇ ಹುರಿದು ಬಿಡಿಸ್ತೀಯ, ನೀನೇ ಕಲಕಿ ಅಂಟಿಸ್ತೀಯ. ಹಾಕ್ದಾಗ ಒಂದ್ ಸರ್ತಿ ತಿರುವು. ಆಮೇಲೆ ಆಗಾಗ ತಳ ಮಾತ್ರ ಮೆತ್ತಗೆ. ಮಿಕ್ಕ ಟೈಮು ಸುಮ್ನಿರಬೇಕು."

ಸುಮ್ಮನಿರಬೇಕಂತೆ. ಬೆಟ್ಟ ಹತ್ತಿ ಬಾ ಎಂದಿದ್ದರೆ ಹತ್ತಿ ಬರುತ್ತಿದ್ದಳು.

ಹುಣ್ಣಿಮೆಯ ಬೆಳಗ್ಗೆ, ರೂಢಿಯಂತೆ ಬಿಳಿ ಸೀರೆಯುಟ್ಟು, ಸೆರಗು ಬಿಗಿದು, ವಿಹಾರದ ಹಿಂದಿನ ಶೀಟಿನಡಿಯಲ್ಲಿ ಗ್ಯಾಸ್ ಒಲೆ ಹಚ್ಚಿದಳು. ಸಣ್ಣಮಾದಯ್ಯ ಬರುತ್ತೇನೆಂದು ಹಟ ಹಿಡಿದಿದ್ದರಿಂದ ಅವನನ್ನು ಬಿಸಿ ತಾಕದಷ್ಟು ದೂರದಲ್ಲಿ, ಬೇವಿನ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಒಳಗೆ 'ಬುದ್ಧಂ ಸರಣಂ ಗಚ್ಛಾಮಿ' ಎಂದು ತ್ರಿಸರಣ ಹೇಳುವ ದನಿ ಕೇಳುತ್ತಿತ್ತು. ಒಮ್ಮೆಗೇ ಎಲ್ಲ ಸುರಿದರೆ ಹದ ಸಿಗದೆಂದು ಅವಳು ಶಾವಿಗೆಯನ್ನು ಸ್ವಲ್ಪ ಸ್ವಲ್ಪವೇ ಹುರಿದಳು. ತುಪ್ಪದ ಘಮ ಬೀದಿಯ ತುದಿಯವರೆಗೆ ಹೋಯಿತು. ಹಾದುಹೋಗುತ್ತಿದ್ದ ಸ್ಕೂಟರಿನವನೊಬ್ಬ ನಿಧಾನ ಮಾಡಿ ಮೂಗರಳಿಸಿ ಹೋದ. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು.

ದೊಡ್ಡ ಪಾತ್ರೆಯಲ್ಲಿ ನೀರು ಬೆರೆಸಿದ ಹಾಲು ಉಕ್ಕಿ ಬಂತು. ಉರಿ ತಗ್ಗಿಸಿ ಶಾವಿಗೆ ಉದುರಿಸಿ, ಗಂಟಾಗದಂತೆ ಒಮ್ಮೆ ತಿರುವಿದಳು. ಸೌಟನ್ನು ತಟ್ಟೆಯ ಮೇಲಿಟ್ಟಳು. ಇಟ್ಟ ಕೂಡಲೆ ಕೈ ತುರಿಸಿತು. ಚಪ್ಪಲಿಗಳನ್ನು ಜೋಡಿಸಿ ಬಂದಳು. ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ಹಿಂದಿರುಗಿ ಬಂದವಳ ಕೈಯಲ್ಲಿ ಸೌಟು ಅದಾಗಿಯೇ ಬಂದು ಕೂತಿತ್ತು.

"ಅತ್ತೆ!" ಎಂದಳು ಕೀರ್ತಿ.

ಇಟ್ಟಳು. ಮತ್ತೆ ಎತ್ತಿದಳು. ಪಾತ್ರೆಯೊಳಗೆ ಏನಾಗುತ್ತಿದೆಯೋ, ತಳ ಹತ್ತಿತೋ, ಮುದ್ದೆಯಾಯಿತೋ, ಈ ಮುದ್ದೆಯನ್ನೇ ದೊನ್ನೆಯಲ್ಲಿ ಹಿಡಿದು ಭಾಗ್ಯಮ್ಮ ಮೂಗು ಮುರಿಯುತ್ತಾಳೋ, ನಾಳೆಯಿಂದ ಇವರನ್ನು ಯಾರು ಹೆಸರು ಹಿಡಿದು ಕರೆಯುತ್ತಾರೋ. ಸೌಟು ಹಾಲಿಗೆ ಮುಟ್ಟಿತು.

"ಪುಟ್ಟಿ."

ಗಂಡ ಹಾಗೆ ಮದುವೆಯಾದ ಹೊಸದರಲ್ಲಿ ಕರೆದಿದ್ದಿರಬೇಕು, ಆಮೇಲೆ ಮಗ ಹುಟ್ಟಿ 'ಪ್ರಸನ್ನನ ಅವ್ವ' ಆಗಿಬಿಟ್ಟಿದ್ದಳು. ತಿರುಗಿ ನೋಡಿದಳು.

"ಬಾ ಇಲ್ಲಿ. ಸೌಟು ಕೀರ್ತಿಗೆ ಕೊಡು. ಕುರ್ಚಿ ಎಳ್ಕೊ. ಕುಂತ್ಕೊ."

"ಅಯ್ಯೋ, ಒಲೆ ಮುಂದೆ ಯಾರಿರ್ತಾರೆ, ಬುಡಿ..."

"ಕುಂತ್ಕೊ ಅಂದೆ."

ಕುರ್ಚಿಯ ತುದಿಯಲ್ಲಿ, ಏಳಲು ಸಿದ್ಧವಾಗಿ ಕೂತಳು. ಅವನು ಕೈ ಚಾಚಿ ಗಾಳಿಯಲ್ಲಿ ತಡಕಾಡಿದ. "ಕೈ ಕೊಡು" ಎಂದ. ಏನೆಂದು ತಿಳಿಯುವ ಮೊದಲೇ ಅವಳ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡ. ಹಾಡಹಗಲು, ವಿಹಾರದ ಅಂಗಳದಲ್ಲಿ, ಸೊಸೆಯ ಎದುರಿಗೆ! ಹೊರಗೆ ಬಂದ ಭಾಗ್ಯಮ್ಮ ಕಂಡೂ ಕಾಣದಂತೆ ಸೆರಗಿನ ಮರೆಯಲ್ಲಿ ನಕ್ಕರು. ಪುಟ್ಟಮಾದಮ್ಮನಿಗೆ ನಾಚಿಕೆಯಿಂದ ಭೂಮಿಗಿಳಿದುಹೋಗುವಂತಾಯಿತು.

"ಬುಡಿ, ಜನ ನೋಡ್ತಾವ್ರೆ."

"ನೋಡ್ಲಿ. ಬುಟ್ರೆ ಹೋಗಿ ಕಲಕ್ತೀಯ. ಕೀರ್ತಿ, ತಳ ಕೆರಿಯವ್ವ, ಮೆತ್ತಗೆ. ಎಳೆ ಉಗುರಲ್ಲಿ ಒತ್ತಿದ್ರೆ ಮುರೀತದಾ ನೋಡು. ಮುರಿದ್ರೆ ಆವಾಗ ಸಕ್ಕರೆ ಹಾಕು, ಮೊದ್ಲು ಬೇಡ. ಇನ್ನೂ ನೀರ್ನೀರಾಗಿರೋವಾಗ್ಲೇ ಇಳಿಸ್ಬುಡು, ಆರ್ತಾ ಆರ್ತಾ ತಾನೇ ಗಟ್ಟಿಯಾಯ್ತದೆ."

ಅವನ ಹಿಡಿತದಲ್ಲಿ ಅವಳ ಬೆರಳುಗಳು ಮೊದಮೊದಲು ಮೀನಿನಂತೆ ಮಿಸುಕಾಡಿದವು. ಆಮೇಲೆ ನಿಂತವು. ಯಾರೂ 'ಯಾಕೆ ಕುಂತೆ' ಎಂದು ಕೇಳಲಿಲ್ಲ. ಆದರೂ ಕೇಳುತ್ತಾರೆಂದು ಅವಳು ಕಾಯುತ್ತಲೇ ಇದ್ದಳು.

ಪಾತ್ರೆ ಇಳಿಯಿತು. ಏಲಕ್ಕಿ, ಗೋಡಂಬಿ, ದ್ರಾಕ್ಷಿ ಬಿದ್ದವು. ಒಳಗಿನವರೆಲ್ಲ ಹೊರಗೆ ಬಂದು ಸಾಲು ಹಿಡಿದರು. ಬಡಿಸಲು ಏಳಹೊರಟವಳನ್ನು ಗಂಡ ಬಿಡಲಿಲ್ಲ. ಭಾಗ್ಯಮ್ಮನೇ ಸೌಟು ಹಿಡಿದು ಬಡಿಸತೊಡಗಿದರು. ಸೌಟಿನಿಂದ ಪಾಯಸ ದೊನ್ನೆಗೆ ಇಳಿಯುವಾಗ ಶಾವಿಗೆ ಬಿಡಿಬಿಡಿಯಾಗಿ ಜಾರುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

"ಅಣ್ಣ, ಮುಂದಿನ್ ವರ್ಷಕ್ಕೂ ನಿಮಗೇ ಹೇಳಿದೀನಿ ಕಣ್ರೀ" ಎಂದು ಭಾಗ್ಯಮ್ಮ ಅಲ್ಲಿಂದಲೇ ಕೂಗಿದರು. ಕನ್ನಡಕದ ಕೆಳಗೆ ಸಣ್ಣಮಾದಯ್ಯನ ತುಟಿ ಅರಳಿತು. ಅಷ್ಟು ಸಾಕಿತ್ತು ಪುಟ್ಟಮಾದಮ್ಮನಿಗೆ. ಗೆದ್ದೆವು ಎಂದುಕೊಂಡಳು.

ಕೀರ್ತಿ ಎರಡು ದೊನ್ನೆ ತಂದು ಇಬ್ಬರ ಕೈಗೂ ಕೊಟ್ಟಳು. ಪುಟ್ಟಮಾದಮ್ಮ ಒಂದು ಗುಟುಕು ಕುಡಿದಳು. ಬಿಸಿ. ತೆಳ್ಳಗಿನ ಹಾಲು, ಅದರೊಳಗೆ ನಾಲಗೆಯ ಮೇಲೆ ಒಂದೊಂದಾಗಿ ಓಡಾಡುವ ಎಳೆ. ಇನ್ನೊಂದು ಗುಟುಕು ಕುಡಿದಳು. ದೊನ್ನೆಯೊಳಗೆ ಇಣುಕಿ ನೋಡಿದಳು, ಗಂಡನ ಕಡೆ ತಿರುಗಿದಳು.

"ಯಾವಾಗ್ಲೂ ಇಂಗೇ ಇರ್ತಿತ್ತಾ ಇದು?"

"ಇಂಗೇ. ಯಾಕಮ್ಮಿ?"

"ನಂಗೆ ಸಿಗೋ ಹೊತ್ತಿಗೆ ಗಟ್ಟಿಯಾಗ್ಬುಟ್ಟಿರ್ತಿತ್ತು. ಎಲ್ರುದೂ ಆಗಿ, ತಳದಲ್ಲಿ ಉಳಿದಿದ್ದು. ಉಪ್ಪಿಟ್ ತಿಂದಂಗೆ ತಿಂತಿದ್ದೆ. ಜನ ಇದನ್ನ ಯಾಕಪ್ಪ ಇಷ್ಟ್ ಹೊಗಳ್ತಾರೆ ಅಂದ್ಕೊತಿದ್ದೆ."

ಅವಳದು ದೂರಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟೇ ಹೇಳಿದ್ದಳು. ಇಷ್ಟು ವರ್ಷ ಪಾಯಸ ಇಳಿಸಿದ ಸಣ್ಣಮಾದಯ್ಯ, ತಾನು ರುಚಿ ನೋಡದೆ ಒಮ್ಮೆಯೂ ಪಾತ್ರೆ ಇಳಿಸದ ಸಣ್ಣಮಾದಯ್ಯ, ಮಡಿಲಲ್ಲಿದ್ದ ತನ್ನ ದೊನ್ನೆಯನ್ನು ಅವಳ ಕಡೆ ಚಾಚಿದ.

"ಇದನ್ನೂ ಕುಡಿ, ಬಿಸಿ ಆರೋಕ್ ಮುಂಚೆ" ಎಂದ.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಒರಗಿ ಕೂತು, ಅದನ್ನೂ ಕುಡಿದಳು.